ಅಜ್ಜಿಯ ಶುಗರ್ ಪುಸ್ತಕ

ನಮ್ಮಜ್ಜಿ ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಆದರೂ ಲೆಕ್ಕ ಬರೆದಿಡೋದರಲ್ಲಿ ನಮ್ಮ ವಂಶದಲ್ಲೇ ಅವಳನ್ನು ಮೀರಿಸಿದವರಿಲ್ಲ. ಡೈರಿಗೆ ಹಾಕಿದ ಹಾಲು, ಕೂಲಿಯವರಿಗೆ ಕೊಟ್ಟ ದುಡ್ಡು, ಯಾರ ಮದುವೆಗೆ ಎಷ್ಟು ಮುಯ್ಯಿ ಹಾಕಿದ್ದು, ಎಲ್ಲಾ ಅವಳ ಪುಸ್ತಕಗಳಲ್ಲಿದೆ. ಹಾಗಾಗಿ 2022ರ ಜೂನ್‌ನಲ್ಲಿ ಅವಳಿಗೆ ಶುಗರ್ ನೋಡೋ ಮಿಷಿನ್ ತಂದುಕೊಟ್ಟು, ಜೊತೆಗೊಂದು ನೂರು ಪುಟದ ನೋಟ್‌ಬುಕ್ಕನ್ನೂ ಕೈಗಿಟ್ಟಾಗ, ಬರೆಯೋ ವಿಷಯದಲ್ಲಿ ಯಾರಿಗೂ ಚಿಂತೆ ಇರಲಿಲ್ಲ.

ಆ ನೋಟ್‌ಬುಕ್ಕು ಈಗಲೂ ಇದೆ. ಜುಲೈಯಿಂದ ಮುಂದಿನ ವರ್ಷದ ಮಾರ್ಚ್ ತನಕ ಒಂದು ದಿನವೂ ತಪ್ಪದೆ ಬರೆದಿದ್ದಾಳೆ. ಎಡಗಡೆ ತಾರೀಕು, ಬಲಗಡೆ ಬೆಳಗಿನ ಖಾಲಿ ಹೊಟ್ಟೆಯ ಶುಗರ್. 118, 122, 120, 126, 119, 124... ಗುಂಡಗಿನ ಅಕ್ಷರ, ಒಂದು ಗೀಟು ಚಿತ್ತಿಲ್ಲ. 130 ದಾಟಿದ್ದು ಒಂದೂ ಇಲ್ಲ. ಎಪ್ಪತ್ತೈದು ವರ್ಷದ ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಒಳ್ಳೇ ಪುಸ್ತಕ ಇರೋಕೆ ಸಾಧ್ಯವಿಲ್ಲ.

ತೊಂದರೆ ಏನಪ್ಪಾ ಅಂದರೆ, ಅದರಲ್ಲಿರೋ ಒಂದು ಸಂಖ್ಯೆಯೂ ನಿಜವಲ್ಲ.

ಅಜ್ಜಿ ಸುಳ್ಳು ಹೇಳೋ ಜಾತಿಯಲ್ಲ. ಹಾಗಾದರೆ ಹೀಗೇಕೆ ಮಾಡಿದಳು ಅಂತ ಕೇಳಿದರೆ, ಆ ಮಿಷಿನ್ ಮನೆಗೆ ಬಂದ ಮೊದಲನೇ ವಾರಕ್ಕೆ ಹೋಗಬೇಕು.

ಅರಕಲಗೂಡಿನ ಹತ್ತಿರದ ಹಳ್ಳಿ ನಮ್ಮದು. ಅಜ್ಜಿ ಅಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಇದ್ದಾಳೆ. ನಾವು ಮೊಮ್ಮಕ್ಕಳೆಲ್ಲ ಬೆಂಗಳೂರು, ಮೈಸೂರು ಅಂತ ಹಂಚಿಹೋಗಿದ್ದೀವಿ. ಅದು ಮಾವಿನ ಹಣ್ಣಿನ ಕಾಲ. ಅಜ್ಜಿ ಸಂಜೆ ಕೂತು ಒಂದು ಬುಟ್ಟಿ ಹಣ್ಣು ಹಿಂಡಿ ಎಲ್ಲರಿಗೂ ಸೀಕರಣೆ ಮಾಡಿಟ್ಟಳು, ತಾನು ಒಂದು ತೊಟ್ಟೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಸ ಮಿಷಿನ್ನಿನಲ್ಲಿ ಬೆರಳು ಚುಚ್ಚಿಕೊಂಡಳು. 342 ಅಂತ ತೋರಿಸಿತು.

ಆಮೇಲೆ ನಡೆದದ್ದನ್ನು ನೀವೇ ಊಹಿಸಿಕೊಳ್ಳಿ. ಚಿಕ್ಕಪ್ಪ ಕಾರು ತೆಗೆದ. ರಾತ್ರಿ ಒಂಬತ್ತು ಗಂಟೆಗೆ ಹಾಸನಕ್ಕೆ ಓಡಿದರು. ದಾರಿಯುದ್ದಕ್ಕೂ "ಎಷ್ಟು ಹಣ್ಣು ತಿಂದೆ ಹೇಳವ್ವ, ನಿಜ ಹೇಳು" ಅಂತ ಒಂದೇ ವರಾತ. "ತಿಂದಿಲ್ಲ ಕಣೋ" ಅಂದರೆ ಯಾರು ನಂಬುತ್ತಾರೆ? ಅಲ್ಲಿ ತೋಳಿನಿಂದ ರಕ್ತ ತೆಗೆದು ನೋಡಿದರೆ 196. ಡ್ಯೂಟಿಯಲ್ಲಿದ್ದ ನರ್ಸಮ್ಮ ಅಜ್ಜಿಯ ಕೈ ಹಿಡಿದು ನೋಡಿ ನಕ್ಕಳಂತೆ. ಬೆರಳಿನ ತುದಿಯಲ್ಲಿ ಒಣಗಿದ ಮಾವಿನ ರಸ. ಸ್ಟ್ರಿಪ್ಪಿಗೆ ಬೇಕಾಗೋ ರಕ್ತ ಸಾಸಿವೆ ಕಾಳಿನಷ್ಟೂ ಇರೋದಿಲ್ಲ. ಅಷ್ಟು ಸಣ್ಣ ಹನಿಗೆ ಚರ್ಮದ ಮೇಲಿರೋ ಒಂಚೂರು ಹಣ್ಣಿನ ಸಕ್ಕರೆ ಸೇರಿದರೂ ಸಾಕು, ಮಿಷಿನ್ನು ಅದನ್ನೂ ರಕ್ತದ ಸಕ್ಕರೆ ಅಂತಲೇ ಎಣಿಸುತ್ತೆ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಚುಚ್ಚಿಕೊಳ್ಳಬೇಕು ಅಂತ ಹೇಳಿ ಕಳಿಸಿದರು.

ಆದರೆ ಅಷ್ಟು ಹೊತ್ತಿಗೆ ಫ್ಯಾಮಿಲಿಯ ವಾಟ್ಸಾಪ್ ಗ್ರೂಪಿಗೆ 342 ಹೋಗಿಬಿಟ್ಟಿತ್ತು. ನಮ್ಮ ಗ್ರೂಪಿನಲ್ಲಿ ಹದಿನೇಳು ಜನ. 342ಕ್ಕೆ ಹದಿನೇಳೂ ಜನ ಮಾತಾಡಿದರು, 196ಕ್ಕೆ ಇಬ್ಬರು. ಮಾರನೇ ದಿನದಿಂದ ಬೆಳಗ್ಗೆ ಆರೂವರೆಗೆ ಅಜ್ಜಿಯ ನಂಬರ್ರು ಗ್ರೂಪಿಗೆ ಬರಲೇಬೇಕು ಅಂತ ತೀರ್ಮಾನವಾಯಿತು. 188 ಬಂದ ದಿನ ಮೈಸೂರಿನ ಅತ್ತೆ ಹಾಗಲಕಾಯಿ ರಸ ಕುಡಿಸು ಅಂದಳು. 201 ಬಂದ ದಿನ ಅಜ್ಜಿಯ ಕಾಫಿ ನಿಂತಿತು. ಇನ್ನೊಂದು ದಿನ ಯಾರೋ, ಅವ್ವನ್ನ ಕರಕೊಂಡು ಬಂದು ಬೆಂಗಳೂರಲ್ಲೇ ಇಟ್ಕೊಳ್ಳೋದು ವಾಸಿ ಅಂತ ಬರೆದರು. ಅದನ್ನು ಚಿಕ್ಕಪ್ಪ ಗಟ್ಟಿಯಾಗಿ ಓದಿದ.

ಅದೇ ಕೊನೆ. ಮಾರನೇ ದಿನ ಅಜ್ಜಿಯ ಶುಗರ್ರು 124. ಗ್ರೂಪಿನ ತುಂಬ ಕೈ ಮುಗಿಯೋ ಚಿತ್ರಗಳು.

ಅವಳು ಮಾಡಿದ್ದು ಬಹಳ ಸುಲಭದ ಕೆಲಸ. ಬೆಳಗ್ಗೆ ಆರು ಗಂಟೆಗೆ ಚಿಕ್ಕಮ್ಮ ಕೊಟ್ಟಿಗೆಯಲ್ಲಿ ಹಾಲು ಕರೀತಿರುತ್ತಾಳೆ, ಚಿಕ್ಕಪ್ಪ ಗದ್ದೆ ಕಡೆ ಹೋಗಿರುತ್ತಾನೆ. ಅಜ್ಜಿ ಒಬ್ಬಳೇ ಕೂತು, ಕೈ ತೊಳೆದು, ಪ್ರಾಮಾಣಿಕವಾಗಿ ಚುಚ್ಚಿಕೊಳ್ಳುತ್ತಿದ್ದಳು. ಬಂದ ನಂಬರನ್ನು ನೋಡಿ ಮಿಷಿನ್ ಆರಿಸುತ್ತಿದ್ದಳು. ಪುಸ್ತಕದಲ್ಲಿ ಮಾತ್ರ ಬೇರೇನೋ ಬರೆಯುತ್ತಿದ್ದಳು. ಆ ಮಿಷಿನ್ನುಗಳಿಗೆ ಜ್ಞಾಪಕಶಕ್ತಿ ಇರುತ್ತೆ, ಒಂದು ಗುಂಡಿ ಒತ್ತಿದರೆ ಹಳೇ ನಂಬರ್ರುಗಳೆಲ್ಲ ತಾರೀಕಿನ ಸಮೇತ ಬರುತ್ತವೆ. ಆದರೆ ಅಷ್ಟು ಚೆಂದದ ಪುಸ್ತಕ ಎದುರಿಗಿರುವಾಗ ಯಾರು ಗುಂಡಿ ಒತ್ತುತ್ತಾರೆ?

ಇನ್ನೂ ಒಂದು ವಿಷಯವಿತ್ತು, ಅದು ನಮಗೆ ಆಮೇಲೆ ತಿಳಿದದ್ದು. ಮೊದಮೊದಲು ಅಜ್ಜಿ ನಿಜವಾಗಲೂ ಶುಗರ್ ಇಳಿಸೋಕೆ ನೋಡಿದ್ದಾಳೆ. ಕೆಲವು ರಾತ್ರಿ ಮುದ್ದೆ ಬಿಟ್ಟು ಬರೀ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದ್ದಾಳೆ. ಬೆಳಗ್ಗೆ ನೋಡಿದರೆ ಮತ್ತೆ 198. ರಾತ್ರಿ ಏನೂ ತಿನ್ನದೆ ಇದ್ದರೂ ಬೆಳಗ್ಗೆ ಅಷ್ಟು ಬಂತು ಅಂತ ಹೇಳಿದರೆ, ಮಾವಿನ ಹಣ್ಣಿನ ದಿನ ನಂಬದೇ ಇದ್ದವರು ಇವತ್ತು ನಂಬುತ್ತಾರಾ? ಅವಳ ಯೋಚನೆ ಇಷ್ಟೇ. ನಾನು ತಪ್ಪು ಮಾಡದೇ ಇದ್ದರೂ ಅದು ತಪ್ಪು ಅಂತಲೇ ತೋರಿಸುತ್ತೆ, ಅಂಥದ್ದನ್ನು ಯಾಕೆ ತೋರಿಸಲಿ.

ಹೀಗೆ ಎಂಟು ತಿಂಗಳು ಸುಖವಾಗಿ ಕಳೆಯಿತು. 2023ರ ಫೆಬ್ರವರಿಯಲ್ಲಿ ಡಾಕ್ಟರು ಮೂರು ತಿಂಗಳ ಶುಗರ್ ಪರೀಕ್ಷೆಗೆ ಬರೆದುಕೊಟ್ಟರು.

ಈ ಪರೀಕ್ಷೆಯ ವಿಷಯ ಒಂದೆರಡು ಮಾತು ಹೇಳಬೇಕು. ನಮ್ಮ ರಕ್ತದ ಕೆಂಪು ಕಣಗಳೊಳಗೆ ಹಿಮೋಗ್ಲೋಬಿನ್ ಇರುತ್ತಲ್ಲ, ರಕ್ತದಲ್ಲಿ ಸಕ್ಕರೆ ಇದ್ದಷ್ಟೂ ಅದಕ್ಕೆ ಅಂಟಿಕೊಳ್ಳುತ್ತೆ. ಒಮ್ಮೆ ಅಂಟಿದ್ದು ಆ ಕಣ ಸಾಯೋ ತನಕ ಬಿಡೋದಿಲ್ಲ. ಒಂದು ಕಣದ ಆಯುಸ್ಸು ಸುಮಾರು ನೂರಿಪ್ಪತ್ತು ದಿನ. ಹಾಗಾಗಿ ನೂರಕ್ಕೆ ಎಷ್ಟು ಭಾಗ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆ ಅಂತ ನೋಡಿದರೆ, ಕಳೆದ ಎರಡು ಮೂರು ತಿಂಗಳು ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಗೊತ್ತಾಗಿಬಿಡುತ್ತೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿದರೆ ಇದು ಇಳಿಯೋದಿಲ್ಲ. ನೋಟ್‌ಬುಕ್ಕಿನಲ್ಲಿ ಏನು ಬರೆದಿದೆ ಅಂತಲೂ ಇದು ನೋಡೋದಿಲ್ಲ.

ಅಜ್ಜಿಯದು 9.4 ಬಂತು. ಅಂದರೆ ಸರಾಸರಿ 220ರ ಮೇಲೆ.

ಡಾಕ್ಟರು ಪುಸ್ತಕ ತಿರುವಿದರು, ರಿಪೋರ್ಟು ನೋಡಿದರು, ಮತ್ತೆ ಪುಸ್ತಕ ತಿರುವಿದರು. ಕಬ್ಬಿಣದ ಅಂಶ ಕಡಿಮೆ ಆಗಿ ರಕ್ತಹೀನತೆ ಇದ್ದರೂ ಕೆಲವೊಮ್ಮೆ ಈ ಪರೀಕ್ಷೆ ಜಾಸ್ತಿ ತೋರಿಸುತ್ತೆ ಅಂತ ಅದನ್ನೂ ನೋಡಿಸಿದರು. ಅದು ಸರಿಯಾಗಿತ್ತು. ಮತ್ತೆ ಉಳಿಯೋದು ಒಂದೇ ದಾರಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 120 ಇದ್ದು ಸರಾಸರಿ 220 ಬರಬೇಕಾದರೆ, ಹಗಲು ಊಟವಾದ ಮೇಲೆ ವಿಪರೀತ ಏರುತ್ತಿರಬೇಕು. ಕೈಯಲ್ಲಿದ್ದ ಲೆಕ್ಕದ ಮೇಲೆ ಯಾರಾದರೂ ಹೇಳಬೇಕಾದ್ದು ಇದನ್ನೇ. ಬೆಳಗಿನ ಗ್ಲಿಮಿಪಿರೈಡ್ ಮಾತ್ರೆ ಒಂದು ಮಿಲಿಗ್ರಾಂ ಇದ್ದದ್ದನ್ನು ಎರಡು ಮಾಡಿದರು. ಹಗಲಿನ ಊಟ ಕಡಿಮೆ ಮಾಡಿ ಅಂದರು.

ಈಗ ಹೇಳಿ, ಒಂದು ಹಳ್ಳಿ ಮನೆಯಲ್ಲಿ ಹಗಲಿನ ಊಟ ಅಂದರೆ ಯಾರ ಮೇಲೆ ಬರುತ್ತೆ?

ಚಿಕ್ಕಮ್ಮನ ಮೇಲೆ ಬಂತು. "ಬೆಳಗ್ಗೆ ಚೆನ್ನಾಗಿರ್ತದೆ, ಹಗಲು ಹೊತ್ತು ಅದೇನ್ ಹಾಕ್ತೀಯೋ ಅವ್ವಂಗೆ" ಅಂತ ಚಿಕ್ಕಪ್ಪ ಶುರು ಮಾಡಿದ. ಮೈಸೂರಿನ ಅತ್ತೆ ಫೋನಿನಲ್ಲಿ ಒಂದೊಂದು ಅಡುಗೆಯ ವಿಚಾರಣೆ ಮಾಡಿದಳು. ಸಾರಿಗೆ ಬೆಲ್ಲ ಹಾಕ್ತೀಯಾ, ಪಲ್ಯಕ್ಕೆ ಆಲೂಗೆಡ್ಡೆ ಹಾಕ್ತೀಯಾ, ಮುದ್ದೆ ಎಷ್ಟು ದಪ್ಪ ಕಟ್ತೀಯಾ. ಚಿಕ್ಕಮ್ಮ ಎದುರು ಮಾತಾಡೋಳಲ್ಲ. ಸಾರಿಗೆ ಹಾಕುತ್ತಿದ್ದ ಕಡಲೆಕಾಳಿನಷ್ಟು ಬೆಲ್ಲವನ್ನೂ ನಿಲ್ಲಿಸಿದಳು. ಅಜ್ಜಿಯ ಅನ್ನವನ್ನು ಸಣ್ಣ ಲೋಟದಲ್ಲಿ ಅಳೆದು ಹಾಕತೊಡಗಿದಳು. ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಜ್ಜಿ ತಟ್ಟೆ ನೋಡುತ್ತಿದ್ದಳು, ಸೊಸೆಯ ಮುಖ ನೋಡುತ್ತಿದ್ದಳು, ಸುಮ್ಮನೆ ಉಣ್ಣುತ್ತಿದ್ದಳು.

ಆ ವರ್ಷ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. ಹಬ್ಬಕ್ಕೆ ನಾವೆಲ್ಲ ಊರಿಗೆ ಹೋಗಿದ್ದೆವು. ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಹೊಸತೊಡಕಿನ ದಿನ ಊಟ ಯಾವತ್ತೂ ಹೊತ್ತಿಗೆ ಸರಿಯಾಗಿ ಆಗೋದಿಲ್ಲ. ಮಾಂಸ ಹಂಚಿ ಮನೆಗೆ ಬರೋದೇ ಹತ್ತು ಗಂಟೆ, ಆಮೇಲೆ ಮಸಾಲೆ, ಬೇಯಿಸೋದು, ಬಂದವರ ಹರಟೆ. ಅಜ್ಜಿ ಬೆಳಗ್ಗೆ ಒಂದು ಇಡ್ಲಿ ತಿಂದು ಮಾತ್ರೆ ನುಂಗಿ, ಹಿತ್ತಿಲಲ್ಲಿ ಹಸುಗಳಿಗೆ ಹುಲ್ಲು ಹಾಕಿ, ಈರುಳ್ಳಿ ಸುಲಿದು, ಅಂಗಳ ಗುಡಿಸಿ ಓಡಾಡುತ್ತಿದ್ದಳು. ಎರಡೂವರೆ ಗಂಟೆಗೆ ಇದ್ದಕ್ಕಿದ್ದ ಹಾಗೆ ಜಗಲಿಯ ಮೇಲೆ ಕೂತುಬಿಟ್ಟಳು. ಹಣೆಯ ತುಂಬ ಬೆವರು, ಕೈ ನಡುಗುತ್ತಿದೆ, ಎದೆ ಹೊಡಕೊಳ್ತಿದೆ ಅಂದಳು.

ಚಿಕ್ಕಮ್ಮ ಓಡಿಬಂದು ಮೂರು ಚಮಚ ಸಕ್ಕರೆ ಕದಡಿದ ನೀರು ರೆಡಿ ಮಾಡಿದಳು, ಕುಡಿಸೋ ಮುಂಚೆ ಕೈ ತೊಳೆಸಿ ಬೆರಳು ಚುಚ್ಚಿದಳು. ಮಿಷಿನ್ 88 ತೋರಿಸಿತು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಶುಗರ್ 70ಕ್ಕಿಂತ ಕೆಳಗೆ ಹೋದರೆ ತಾನೇ ಅಪಾಯ? 88 ಅಂದರೆ ನಮ್ಮ ನಿಮ್ಮ ಥರ ಆರೋಗ್ಯವಾಗಿರೋರ ಶುಗರ್. ಸಕ್ಕರೆ ನೀರು ಕುಡಿದು ಹತ್ತು ಹದಿನೈದು ನಿಮಿಷಕ್ಕೆ ಅಜ್ಜಿ ಸುಧಾರಿಸಿಕೊಂಡಳು. ಅಷ್ಟರಲ್ಲಿ ಚಿಕ್ಕಪ್ಪ ಬಂದ. ನೆಂಟರೆಲ್ಲ ಕೂತಿದ್ದಾರೆ ಅನ್ನೋದೂ ನೋಡದೆ ಚಿಕ್ಕಮ್ಮನ ಮೇಲೆ ರೇಗಿದ.

"ಮೊನ್ನೆ ತನಕ ಸಿಕ್ಕಿದ್ದೆಲ್ಲಾ ತಿನ್ಸಿ ಏರ್ಸಿದೆ. ಇವತ್ತು ಮೂರು ಗಂಟೆ ತನಕ ಉಪವಾಸ ಕೆಡವಿದೀಯ. ಒಂದು ಮುದುಕೀನ ನೋಡ್ಕೊಳ್ಳೋಕೆ ಬರಲ್ವಾ ನಿನಗೆ?"

ಚಿಕ್ಕಮ್ಮ ಒಂದೂ ಮಾತಾಡದೆ ಲೋಟ ತಗೊಂಡು ಒಳಗೆ ಹೋದಳು.

ಅಜ್ಜಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಮಗಾ, ನನ್ನ ಟ್ರಂಕ್ನಾಗೆ ಹಳೇ ಡೈರಿ ಪಾಸ್‌ಬುಕ್ ಅದೆ, ತಗಂಬಾ" ಅಂದಳು.

ಆ ಪಾಸ್‌ಬುಕ್ಕಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಂಬತ್ತರ ದಶಕದಲ್ಲಿ ಊರಿಗೆ ಹಾಲಿನ ಸೊಸೈಟಿ ಬಂದಾಗ ಅಜ್ಜಿ ದಿನಾ ಎರಡು ಹೊತ್ತು ಹಾಲು ಹಾಕುತ್ತಿದ್ದಳು. ಒಂದು ಬೇಸಿಗೆಯಲ್ಲಿ, ಲ್ಯಾಕ್ಟೋಮೀಟರ್ ಡಿಗ್ರಿ ಕಡಿಮೆ ಬರ್ತಿದೆ, ಈಯಮ್ಮ ನೀರು ಬೆರೆಸ್ತಾಳೆ ಅಂತ ಆಗಿನ ಸೆಕ್ರೆಟರಿ ಊರೆಲ್ಲರ ಮುಂದೆ ಅಂದ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ ಬರೆದ. ಒಂದು ತಿಂಗಳು ಹಾಲು ವಾಪಸ್ ಬಂತು. ನಿಜಾಂಶ ಏನೆಂದರೆ ನಮ್ಮ ಮನೆ ಸೊಸೈಟಿಯ ಎದುರಿಗೇ ಇದೆ. ಕರೆದ ಹಾಲು ಐದು ನಿಮಿಷಕ್ಕೆ ಅಲ್ಲಿರುತ್ತಿತ್ತು, ಇನ್ನೂ ಬೆಚ್ಚಗೆ, ನೊರೆನೊರೆಯಾಗಿ. ಬೆಚ್ಚಗಿರೋ ಹಾಲು ತೆಳು, ಅದರಲ್ಲಿ ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗುತ್ತೆ, ಡಿಗ್ರಿ ಕಡಿಮೆ ತೋರಿಸುತ್ತೆ, ನೀರು ಹಾಕಿದ ಹಾಗೇ. ತಾಲ್ಲೂಕಿನಿಂದ ಬಂದ ಒಬ್ಬ ಸೂಪರ್‌ವೈಸರು ಅದೇ ಹಾಲನ್ನು ಆರಲು ಬಿಟ್ಟು ಮತ್ತೆ ಅಳೆದು, ಸರಿಯಾಗಿದೆ ಅಂದ ಮೇಲೆ ವಿಷಯ ಮುಗಿಯಿತು. ಮುಗಿಯಿತು ಅಂದರೆ ಸೊಸೈಟಿಗೆ ಮುಗಿಯಿತು. ಅಜ್ಜಿ ಆ ಪಾಸ್‌ಬುಕ್ಕನ್ನು ನಲವತ್ತು ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು.

ಅದನ್ನು ತೆಗೆದುಕೊಂಡು ಬಂದು ಕೊಟ್ಟೆ. ಅವಳು ಹಿಂದಿನ ಖಾಲಿ ಹಾಳೆಗಳನ್ನು ಬಿಚ್ಚಿ ಚಿಕ್ಕಪ್ಪನ ಮುಂದೆ ಹಿಡಿದಳು. ಅದೇ ಗುಂಡಗಿನ ಅಕ್ಷರ. ತಾರೀಕುಗಳು. 196, 211, 188, 204, 226, 193, 215...

"ಇದು ನಿಜದ್ದು" ಅಂದಳು. "ಆ ನೋಟ್‌ಬುಕ್ ನಾನ್ ಬರ್ದಿರೋ ಸುಳ್ಳು. ಬೆಳಗ್ಗೇನೇ ಇನ್ನೂರು ಇರ್ತದೆ ನಂಗೆ. ಇದರಾಗೆ ಅವಳದೇನೂ ಇಲ್ಲ. ನೀರು ಹಾಕ್ದೇ ಇರೋ ಹಾಲಿಗೆ ನೀರು ಹಾಕಿದೀಯ ಅಂತ ಅನ್ನಿಸ್ಕಂಡೋಳು ನಾನು. ನನ್ನ ಸುಳ್ಳಿಗೆ ಅವಳು ಅನ್ನಿಸ್ಕಳದು ಬ್ಯಾಡ."

ಜಗಲಿಯಲ್ಲಿದ್ದ ಅಷ್ಟೂ ಜನ ಗಪ್‌ಚುಪ್. ಒಳಗೆ ಕುಕ್ಕರ್ ಕೂಗಿತು.

ನಿಜ ಸಂಖ್ಯೆಗಳನ್ನು ಯಾಕೆ ಬರೆದಿಟ್ಟೆ ಅಂತ ಆಮೇಲೆ ಕೇಳಿದೆ. "ಕಂಡಿದ್ದನ್ನ ಬರೀದೇ ಇರಕ್ಕಾಗತ್ತಾ?" ಅಂದಳು. ಹೆಂಗಸಿನ ಲೆಕ್ಕದ ಚಾಳಿ ನೋಡಿ. ಜಗತ್ತಿಗೆ ಸುಳ್ಳು ಲೆಕ್ಕ ಕೊಟ್ಟರೂ ತನಗೆ ತಾನು ಸರಿಯಾದ ಲೆಕ್ಕ ಇಟ್ಟುಕೊಂಡಿದ್ದಳು!

ಮುಂದಿನ ಸೋಮವಾರ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರು. ಯಾಕಮ್ಮಾ ಹೀಗೆ ಮಾಡಿದ್ರಿ ಅಂತ ಒಂದು ಮಾತು ಕೇಳಲಿಲ್ಲ. "ಇದು ಚೆನ್ನಾಗಿದೆ" ಅಂತ ಪಾಸ್‌ಬುಕ್ಕನ್ನು ಹತ್ತಿರ ಎಳೆದುಕೊಂಡರು. ನಿಜವಾದ ಪುಸ್ತಕ ಯಾವತ್ತೂ ಹೀಗೇ ಇರುತ್ತಂತೆ. ಅದೇ ಊಟ, ಅದೇ ಮಾತ್ರೆ ಇದ್ದರೂ ನಿದ್ದೆ, ನೆಗಡಿ, ಓಡಾಟಗಳ ಮೇಲೆ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಇಪ್ಪತ್ತು ಮೂವತ್ತು ಆಚೀಚೆ ಆಗುತ್ತೆ. ತಿಂಗಳುಗಟ್ಟಲೆ 118 ಮತ್ತು 126ರ ಮಧ್ಯೆಯೇ ನಿಂತಿರೋ ಪುಸ್ತಕ ಕಂಡರೆ ಅನುಮಾನ ಪಡಬೇಕು ಅಂದರು.

88ಕ್ಕೆ ನಡುಕ ಬಂದದ್ದಕ್ಕೂ ಉತ್ತರ ಸಿಕ್ಕಿತು. ತಿಂಗಳುಗಟ್ಟಲೆ ಇನ್ನೂರರ ಮೇಲೆ ಇದ್ದ ಮೈಗೆ ಅದೇ ಅಭ್ಯಾಸವಾಗಿಬಿಡುತ್ತೆ. ಅಲ್ಲಿಂದ ಬೇಗ ಕೆಳಗಿಳಿದರೆ, 88 ಆರೋಗ್ಯವಂತರಿಗೆ ಸರಿಯಾದ ಮಟ್ಟವೇ ಆದರೂ, ಆ ಮೈ ಸಕ್ಕರೆ ಕಡಿಮೆಯಾಯಿತು ಅಂತ ಗಾಬರಿಯಾಗಿ ಬೆವರುತ್ತೆ, ನಡುಗುತ್ತೆ. "ದಿನಾ 120 ಇರೋರು 88ಕ್ಕೆ ಹೀಗೆ ನಡುಗಲ್ಲ. ಈ ಪಾಸ್‌ಬುಕ್ ಇಲ್ಲದಿದ್ರೂ ಅವತ್ತಿನ ಬೆವರೇ ಹೇಳ್ತಿತ್ತು" ಅಂದರು. ಬೆಳಗಿನ ಮಾತ್ರೆಯನ್ನು ತಕ್ಷಣ ಮೊದಲಿನ ಹಾಗೆ ಒಂದು ಮಿಲಿಗ್ರಾಂಗೆ ಇಳಿಸಿದರು. ಹಗಲಿಗೆ ಬೇಡದ ಔಷಧಿ ಹಗಲಿಗೆ ಹೋಗಿತ್ತು. ಅವತ್ತು ಊಟ ಇನ್ನೂ ಒಂದು ಗಂಟೆ ತಡವಾಗಿದ್ದರೆ 88 ಅಲ್ಲೇ ನಿಲ್ಲುತ್ತಿತ್ತು ಅಂತ ಹೇಳೋ ಹಾಗಿರಲಿಲ್ಲ.

ಆಮೇಲೆ ಮೂರು ದಿನ ರಾತ್ರಿಯ ಲೆಕ್ಕ ತರೋಕೆ ಹೇಳಿದರು. ಊಟವಾಗಿ ಎರಡು ಗಂಟೆಗೆ ಒಂದು ಸಲ, ಬೆಳಗಿನ ಜಾವ ಮೂರಕ್ಕೆ ಒಂದು ಸಲ, ಆರಕ್ಕೆ ಒಂದು ಸಲ. ಮೂರು ಗಂಟೆಯದು ಯಾಕೆ ಅಂದರೆ, ಕೆಲವರಿಗೆ ನಿದ್ದೆಯಲ್ಲಿ ಸಕ್ಕರೆ ಕುಸಿದಿರುತ್ತೆ, ಅಂಥವರಿಗೆ ಬೆಳಗಿನ ನಂಬರೊಂದನ್ನೇ ನೋಡಿ ರಾತ್ರಿಯ ಔಷಧಿ ಏರಿಸಿದರೆ ಅಪಾಯ. ಚಿಕ್ಕಮ್ಮ ಮೂರೂ ರಾತ್ರಿ ಅಲಾರಂ ಇಟ್ಟು ಎದ್ದಳು. ಮೊದಲನೇ ರಾತ್ರಿ 218, 196, 209. ಉಳಿದ ಎರಡು ರಾತ್ರಿಯೂ ಹೆಚ್ಚು ಕಡಿಮೆ ಹಾಗೇ. ಎಲ್ಲೂ ಕುಸಿದಿಲ್ಲ, ರಾತ್ರಿಯಿಡೀ ಒಂದೇ ಎತ್ತರದಲ್ಲಿ ನಿಂತಿದೆ.

ಡಾಕ್ಟರು ಅಜ್ಜಿಗೇ ನೇರವಾಗಿ ಹೇಳಿದರು. "ನಾವು ಉಣ್ಣದೇ ಇರೋ ಹೊತ್ತಲ್ಲಿ ಮೈ ನಡೀಬೇಕಲ್ಲಮ್ಮಾ, ಅದಕ್ಕೆ ಲಿವರ್ರು ರಾತ್ರಿಯೆಲ್ಲ ಸಕ್ಕರೆ ಬಿಡ್ತಾ ಇರುತ್ತೆ. ಎಷ್ಟು ಬಿಡಬೇಕು ಅಂತ ಅದಕ್ಕೆ ಹಿಡಿತ ಹಾಕೋದು ಇನ್ಸುಲಿನ್. ನಿಮ್ಮಲ್ಲಿ ಆ ಹಿಡಿತ ಸಡಿಲ ಆಗಿದೆ. ನೀವು ಬರೀ ಮಜ್ಜಿಗೆ ಕುಡಿದು ಮಲಗಿದ ದಿನವೂ ಲಿವರ್ರು ತನ್ನ ಕೆಲಸ ತಾನು ಮಾಡ್ತಿತ್ತು."

ಅಜ್ಜಿ ಅವರ ಮುಖವನ್ನೇ ನೋಡಿದಳು. "ಹಂಗಾರೆ ನಾನು ತಿಂದಿದ್ದಲ್ಲ ಅದು?" ಅಂತ ಕೇಳಿದಳು. "ಬೆಳಗಿನದು ನೀವು ತಿಂದಿದ್ದಷ್ಟೇ ಅಲ್ಲಮ್ಮಾ" ಅಂದರು. ಇಷ್ಟು ದಿನ ಆಸ್ಪತ್ರೆಯಲ್ಲಿ ಅಜ್ಜಿ ಅಷ್ಟು ನೆಟ್ಟಗೆ ಕೂತದ್ದು ನಾನು ನೋಡಿರಲಿಲ್ಲ.

ಆದರೆ ಮುಂದಿನ ಮಾತಿಗೆ ಮತ್ತೆ ಕುಗ್ಗಿದಳು. ಮೂತ್ರಪಿಂಡದ ಪರೀಕ್ಷೆ ನೋಡಿದರೆ ಮೆಟ್‌ಫಾರ್ಮಿನ್ ಇನ್ನೂ ಏರಿಸೋ ಹಾಗಿಲ್ಲ, ರಾತ್ರಿ ಮಲಗೋ ಮುಂಚೆ ಸ್ವಲ್ಪ ಇನ್ಸುಲಿನ್ ತಗೊಳ್ಳಿ ಅಂದರು. ಸೂಜಿ! ಅಜ್ಜಿಯ ಅಕ್ಕ ಇನ್ಸುಲಿನ್ ಶುರು ಮಾಡಿದ ಆರು ತಿಂಗಳಿಗೆ ತೀರಿಕೊಂಡಿದ್ದಳು. ಸೂಜಿ ಬಂತು ಅಂದರೆ ಮುಗೀತು ಅನ್ನೋದು ಅವಳ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು. ಪುಸ್ತಕ ಮುಚ್ಚಿಟ್ಟದ್ದಕ್ಕೆ ಇದೂ ಒಂದು ಕಾರಣ. ಡಾಕ್ಟರು ಆ ಅಕ್ಕನ ಕತೆ ಪೂರ್ತಿ ಕೇಳಿಸಿಕೊಂಡರು. ಕಾಲಿನ ಗಾಯ ಮೂಳೆಗೆ ಇಳಿದ ಮೇಲೆ ಆಸ್ಪತ್ರೆಗೆ ಸೇರಿಸಿ, ಆಮೇಲೆ ಸೂಜಿ ಶುರು ಮಾಡಿದ್ದು. "ಮನೆಗೆ ಬೆಂಕಿ ಬಿದ್ದ ಮೇಲೆ ನೀರು ತಂದ್ರು. ನೀರು ತಂದಿದ್ದಕ್ಕೇ ಮನೆ ಸುಟ್ಟೋಯ್ತು ಅಂತಾರಾ?" ಅಂದರು.

ಆರು ಯೂನಿಟ್ಟಿನಿಂದ ಶುರುವಾಯಿತು. ಮೂರು ನಾಲ್ಕು ದಿನಕ್ಕೊಮ್ಮೆ ಬೆಳಗಿನ ನಂಬರ್ ನೋಡಿ, ಇನ್ನೂ ಮೇಲಿದ್ದರೆ ಎರಡು ಯೂನಿಟ್ ಏರಿಸೋದು, 100ಕ್ಕಿಂತ ಕೆಳಗೆ ಬಂದರೆ ಏರಿಸದೆ ಫೋನ್ ಮಾಡೋದು. ಹತ್ತು ಯೂನಿಟ್ಟಿಗೆ ಬೆಳಗಿನ ಶುಗರ್ 130, 140ರ ಹತ್ತಿರ ಬಂದು ನಿಂತಿತು. ನೋಡಿ, ಈ ಏರಿಸೋ ಇಳಿಸೋ ಲೆಕ್ಕ ಪೂರ್ತಿ ನಿಂತಿರೋದು ಬೆಳಗಿನ ಸಂಖ್ಯೆ ನಿಜವಾಗಿರೋದರ ಮೇಲೆ. ಸುಳ್ಳು ಪುಸ್ತಕ ಇಟ್ಟುಕೊಂಡು ಇನ್ಸುಲಿನ್ ಶುರು ಮಾಡೋ ಹಾಗೇ ಇಲ್ಲ.

ಅಜ್ಜಿ ತನ್ನ ಕಡೆಯಿಂದಲೂ ಷರತ್ತು ಹಾಕಿದಳು. ನಂಬರ್ರು ಗ್ರೂಪಿಗೆ ಹೋಗಬಾರದು. ಪುಸ್ತಕ ನೋಡೋದು ಡಾಕ್ಟರು ಮತ್ತು ಸೊಸೆ, ಇಬ್ಬರೇ. ಜಾಸ್ತಿ ಬಂದ ದಿನ ಏನ್ ತಿಂದೆ ಅಂತ ಯಾರೂ ಕೇಳಬಾರದು, ತಾನೇ ಬರೆಯುತ್ತೇನೆ. ಬೆಳಗಿನ ಕಾಫಿ ವಾಪಸ್ ಬೇಕು. ಸಕ್ಕರೆ ಇಲ್ಲದ ಕಾಫಿ ಆಗಬಹುದು ಅಂತ ಡಾಕ್ಟರು ಅಂದರು, ಒಪ್ಪಂದವಾಯಿತು. ಊಟದ ವಿಷಯದಲ್ಲಿ ಅವರು ಒಂದೇ ಮಾತು ಹೇಳಿದ್ದು. ರಾಗಿ ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ ಅನ್ನೋ ನಂಬಿಕೆ ಬೇಡ, ಅದೂ ಹಿಟ್ಟೇ, ಅದೂ ಸಕ್ಕರೆಯಾಗೋದೇ. ಒಂದು ಸಾಧಾರಣ ಮುದ್ದೆ, ಜೊತೆಗೆ ಕಾಳು ಸೊಪ್ಪಿನ ಬಸ್ಸಾರು ಧಾರಾಳವಾಗಿ, ಅದೂ ಎಂಟು ಗಂಟೆಯೊಳಗೆ.

ಚಿಕ್ಕಪ್ಪ ಚಿಕ್ಕಮ್ಮನ ಹತ್ತಿರ ಕ್ಷಮೆ ಕೇಳಿದನೋ ಇಲ್ಲವೋ ನಾನು ನೋಡಿಲ್ಲ. ಹೊಸತೊಡಕಿನ ಮಾರನೇ ಬೆಳಗ್ಗೆ ಹಾಲು ಕರೆಯೋಕೆ ಅವನೇ ಹೋದ, ಅದನ್ನು ನೋಡಿದೆ.

ಮೂರು ತಿಂಗಳ ಪರೀಕ್ಷೆ ಜುಲೈನಲ್ಲಿ 8.2 ಬಂತು, ಅಕ್ಟೋಬರಿನಲ್ಲಿ 7.7. ಗ್ರೂಪಿನವರು ಬಿಡುತ್ತಾರಾ, ಏಳರ ಒಳಗೆ ತರಬೇಕಲ್ಲವಾ ಅಂತ ಕೇಳಿದರು. ಈ ವಯಸ್ಸಿಗೆ ಎಂಟರೊಳಗಿದ್ದರೆ ಸಾಕು ಅಂದರು ಡಾಕ್ಟರು. ಇನ್ನೂ ಎಳೆದು ಇಳಿಸೋಕೆ ಹೋದರೆ ರಾತ್ರಿ ಬಚ್ಚಲಿಗೆ ಎದ್ದಾಗ ಶುಗರ್ ಕಡಿಮೆಯಾಗಿ ಬಿದ್ದು ಸೊಂಟ ಮುರಿದುಕೊಳ್ಳೋ ಭಯ, 7.7ರಲ್ಲಿರೋ ಭಯಕ್ಕಿಂತ ದೊಡ್ಡದು.

ಈಗಿನದು ಮೂರನೇ ನೋಟ್‌ಬುಕ್ಕು. ಹೋದ ಸಲ ಊರಿಗೆ ಹೋದಾಗ ಚಿಕ್ಕಮ್ಮನ ಅನುಮತಿ ಪಡೆದು ತಿರುವಿ ನೋಡಿದೆ. ಹಳೇ ಪುಸ್ತಕದಷ್ಟು ಚೆಂದ ಇಲ್ಲ. 128 ಇದೆ, 151 ಇದೆ, ಜ್ವರ ಬಂದ ವಾರ 190ರ ಆಸುಪಾಸು ಇದೆ, ಕೈ ಸರಿಯಾಗಿ ತೊಳೆಯದೆ ನೋಡಿದ್ದು ಅಂತ ಹೊಡೆದುಹಾಕಿದ ಒಂದು 260 ಇದೆ. ಈಗ ಮೂರನೇ ಗೀಟು ಎಳೆದು ಷರಾ ಬರೆಯೋಕೆ ಜಾಗ ಮಾಡಿಕೊಂಡಿದ್ದಾಳೆ. ಅದರಲ್ಲಿ ಒಂದು ಮದುವೆ ಮನೆಯ ಮಾರನೇ ದಿನ 243 ಅಂತಿತ್ತು. ಪಕ್ಕದ ಷರಾ ಹೀಗಿತ್ತು:

"ಹೋಳಿಗೆ ಎರಡು. ಸೊಸೆ ಬೇಡ ಅಂದಳು. ನಾನೇ ತಿಂದಿದ್ದು."